ಎರಡು ರಿಯಾಲಿನ ರಾಣಿ

ದೇಶದಕ್ಕ ತನ್ನ ಊರು ಬಿಟ್ಟು ಅರವತ್ತು ಮೈಲಿ ಆಚೆ ಹೋದವಳಲ್ಲ. ಹಾಗಿದ್ದೂ ಊರಿನ ಅಂಚೆಚೀಟಿ ಸಂಗ್ರಾಹಕರ ಕೂಟದಲ್ಲಿ ಚೀಟಿ ನೋಡಿ ಅದು ಯಾವ ದೇಶದ್ದೆಂದು ಹೇಳುವ ಕೆಲಸ ಅವಳದು, ಆ ಹೆಸರು ಬಂದದ್ದೂ ಅದರಿಂದಲೇ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಹಿಂದೆ ಅವಳು ಕೂರುತ್ತಿದ್ದಳು. ಮುಂದೆ ಒಂದು ಭೂತಗನ್ನಡಿ, ಒಂದು ಚಿಮಟ, ಹೊಲಿಗೆ ಬಿಟ್ಟ ಒಂದು ಹಳೆಯ ಕ್ಯಾಟಲಾಗು. ಆ ಕ್ಯಾಟಲಾಗನ್ನು ಅವಳು ತೆರೆಯುತ್ತಿದ್ದುದು ಅಪರೂಪ. ತೆರೆಯದೆ ಹೇಳುವುದರಲ್ಲೇ ಅವಳ ಹೆಚ್ಚುಗಾರಿಕೆ ಇತ್ತು.

ಎಲ್ಲ ಅಂಚೆಚೀಟಿಯ ಮೇಲೂ ದೇಶದ ಹೆಸರು ಇರುವುದಿಲ್ಲ. ಹಳೆಯ ಕಾಲದಲ್ಲಿ ಎಷ್ಟೋ ದೇಶಗಳು ಹೆಸರು ಹಾಕುತ್ತಲೇ ಇರಲಿಲ್ಲ. ನಮ್ಮ ರಾಜ ಯಾರಿಗೆ ಗೊತ್ತಿಲ್ಲ ಎಂಬ ಧಿಮಾಕು. ಬ್ರಿಟನ್ನಿನವರಿಗೆ ಆ ಧಿಮಾಕು ಇವತ್ತಿಗೂ ಇಳಿದಿಲ್ಲ, ತಲೆಯೊಂದನ್ನು ಹಾಕಿ ಸುಮ್ಮನಾಗುತ್ತಾರೆ. ಅಂಥ ಚೀಟಿ ಕೈಗೆ ಬಂದರೆ ನೋಡಬೇಕಾದ್ದು ಮೂರು ಎಂದು ದೇಶದಕ್ಕ ಹೊಸಬರಿಗೆ ಹೇಳಿಕೊಡುತ್ತಿದ್ದಳು: ಅಕ್ಷರ, ಮುಖ, ದುಡ್ಡು. ಅಕ್ಷರ ಸೀಮೆ ತೋರಿಸುತ್ತದೆ. ಮೇಲೆ ‘ಕೊರೆಯೊಸ್’ ಎಂದಿದ್ದರೆ ಸ್ಪೇನಿನ ಕಡೆ, ‘ಕೊರೆಯೊ’ ಎಂದಿದ್ದು ಕೆಳಗೆ ‘ರೇಯಿಸ್’ ಇದ್ದರೆ ಪೋರ್ಚುಗಲ್ಲಿನ ಕಡೆ. ಮುಖ ಮನೆತನ ತೋರಿಸುತ್ತದೆ. ಆದರೆ ಒಬ್ಬನೇ ರಾಜ ಹತ್ತು ಕಡೆ ಆಳುತ್ತಾನೆ, ಆದ್ದರಿಂದ ಮನೆ ಯಾವುದೆಂದು ಕೊನೆಗೆ ಹೇಳುವುದು ದುಡ್ಡು. ಆಸ್ಟ್ರಿಯದ ಕೆನ್ನೆಗಡ್ಡದ ಚಕ್ರವರ್ತಿಯನ್ನೇ ನೋಡಿ, ಕೆಳಗೆ ‘ಕೆ.ಆರ್’ ಎಂದು ಕ್ರಾಯ್ಟ್ಸರ್ ನಾಣ್ಯದ ಗುರುತಿದ್ದರೆ ಆಸ್ಟ್ರಿಯದೊಳಗಿನ ಚೀಟಿ. ಅದೇ ಗಡ್ಡ, ಅದೇ ಚೌಕಟ್ಟು, ಕೆಳಗೆ ‘ಎಸ್‌ಎಲ್‌ಡಿ’ ಎಂದು ಸೋಲ್ದಿಯ ಗುರುತಿದ್ದರೆ ತುರ್ಕಿಯ ಸೀಮೆಯಲ್ಲಿ ಆಸ್ಟ್ರಿಯದವರು ಇಟ್ಟುಕೊಂಡಿದ್ದ ಅಂಚೆ ಕಚೇರಿಗಳದ್ದು. ಡೆನ್ಮಾರ್ಕಿನ ಕಿರೀಟದ ಚೀಟಿಯಲ್ಲಿ ಸ್ಕಿಲಿಂಗ್ ಬದಲು ‘ಸೆಂಟ್ಸ್’ ಇದ್ದರೆ ಅದು ಸಮುದ್ರದಾಚೆ ಅವರಿಗಿದ್ದ ದ್ವೀಪಗಳ ಚೀಟಿ. ಮುಖ ನೋಡಿ ಮಣೆ ಹಾಕಬಾರದು ಎಂಬ ಮಾತನ್ನು ಅವಳು ಎಷ್ಟು ಸಲ ಹೇಳಿದ್ದಳೆಂದರೆ, ಅವಳು ಬಾಯಿ ತೆರೆಯುವ ಮೊದಲೇ ಕೂಟದವರು ಅದನ್ನು ಹೇಳಿ ನಗುತ್ತಿದ್ದರು.

ಆ ಭಾಷೆಗಳಲ್ಲಿ ಒಂದೂ ಅವಳಿಗೆ ಬಾರದು. ಮೂವತ್ತೊಂದು ವರ್ಷ ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ಕಾಗದ ವಿಂಗಡಿಸಿದವಳು ಅವಳು. ಪರದೇಶದ ಟಪಾಲಿನ ಗೂಡುಗಳು ಅವಳ ಪಾಲಿಗೆ ಬಂದಿದ್ದವು. ಅಕ್ಷರಗಳನ್ನು ಓದಿ ಕಲಿತದ್ದಲ್ಲ, ನೆಂಟರ ಮೂಗು ನೋಡಿ ಯಾವ ಮನೆಯವರೆಂದು ಗುರುತಿಸುವ ಹಾಗೆ ಗುರುತು ಹಿಡಿದದ್ದು. ಹೈಸ್ಕೂಲು ಮುಗಿಸಿರಲಿಲ್ಲವಾದ್ದರಿಂದ ಬಡ್ತಿ ಬರಲಿಲ್ಲ. ನಿವೃತ್ತಿಯ ದಿನ ಒಂದು ಹಾರ ಹಾಕಿ, ಅವಳ ಹೆಸರನ್ನು ತಪ್ಪಾಗಿ ಓದಿ ಕಳಿಸಿಕೊಟ್ಟರು. ಗಂಡ ಅದಕ್ಕೂ ಮುಂಚೆಯೇ ತೀರಿಕೊಂಡಿದ್ದ. ಮನೆಯಲ್ಲಿ ಇದ್ದವಳು ತಂಗಿ, ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡು ರವಿಕೆ ಹೊಲಿಯುವವಳು. ಬಾಯಿ ಅವಳ ಕತ್ತರಿಗಿಂತ ಚೂಪು.

ಕೂಟದಲ್ಲಿ ಮಾತ್ರ ಜನ ಅವಳ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದರು. ಡಾಕ್ಟರು, ಲಾಯರು, ಕಾಲೇಜಿನವರು, ಎಲ್ಲರೂ. ‘ಅಕ್ಕ, ಇದೊಂದು ನೋಡ್ತೀರಾ?’ ಎಂದು ಕೇಳುವಾಗ ಅವರ ದನಿ ತಗ್ಗುತ್ತಿತ್ತು. ಅವಳು ಹೇಳಿದ ದೇಶವನ್ನು ಅವರು ಆಲ್ಬಮ್ಮಿನಲ್ಲಿ ಶಾಯಿಯಿಂದ ಬರೆದುಕೊಳ್ಳುತ್ತಿದ್ದರು. ಇದು ಅವಳಿಗೆ ಎಷ್ಟು ಬೇಕಾಗಿತ್ತು ಎಂಬುದು ತಂಗಿಗೆ ಒಬ್ಬಳಿಗೇ ಗೊತ್ತಿತ್ತು. ಭಾನುವಾರ ಬೆಳಿಗ್ಗೆ ಅಕ್ಕ ಸೀರೆ ಆರಿಸುವುದಕ್ಕೆ ತೆಗೆದುಕೊಳ್ಳುತ್ತಿದ್ದ ಹೊತ್ತನ್ನು ಅವಳು ನೋಡುತ್ತಿದ್ದಳು.

ಆ ಗುರುವಾರ ಮಧ್ಯಾಹ್ನ ಕೂಟದ ಕಾರ್ಯದರ್ಶಿ ಮನೆಗೇ ಬಂದರು. ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು; ನಡೆದರೂ ಕೂತರೂ ಎದುರಿಗೆ ನ್ಯಾಯಾಧೀಶರಿದ್ದಾರೆ ಎಂಬಂತಿರುವವರು. ಕಂಕುಳಲ್ಲಿ ಕೂಟದ ವಿನಿಮಯದ ಪುಸ್ತಕವಿತ್ತು. ಸದಸ್ಯರು ತಮ್ಮಲ್ಲಿ ಹೆಚ್ಚಾದ ಚೀಟಿಗಳನ್ನು ಚಿಕ್ಕ ಪುಸ್ತಕದ ಚೌಕಗಳಲ್ಲಿ ಅಂಟಿಸಿ ಕೊಡುತ್ತಾರೆ. ಆ ಪುಸ್ತಕ ಪಟ್ಟಿಯ ಪ್ರಕಾರ ಮನೆಯಿಂದ ಮನೆಗೆ ಹೋಗುತ್ತದೆ. ಬೇಕಾದ್ದನ್ನು ತೆಗೆದುಕೊಂಡವರು ಖಾಲಿಯಾದ ಚೌಕದಲ್ಲಿ ರುಜು ಹಾಕಬೇಕು. ಇಡೀ ಏರ್ಪಾಡು ನಿಂತಿರುವುದು ನಂಬಿಕೆಯ ಮೇಲೆ. ಒಬ್ಬರು ಒಳ್ಳೆಯದನ್ನು ಎತ್ತಿಕೊಂಡು ಅದರ ಜಾಗದಲ್ಲಿ ಕಳಪೆಯದನ್ನು ಅಂಟಿಸಿಬಿಟ್ಟರೆ ಎಲ್ಲ ಮುಗಿದಂತೆ. ಕೂಟದ ಮಟ್ಟಿಗೆ ಅದಕ್ಕಿಂತ ದೊಡ್ಡ ಪಾಪವಿಲ್ಲ.

ಹಾಗೇ ಆಗಿದೆ ಎಂದರು ಕಾರ್ಯದರ್ಶಿ. ಈ ಪುಸ್ತಕ ಹೋದ ವರ್ಷ ತೀರಿಕೊಂಡ ಹೆಡ್‌ಮಾಸ್ಟರದ್ದು. ಅವರ ಹೆಂಡತಿ ಅದನ್ನು ವಿನಿಮಯಕ್ಕೆ ಕೊಟ್ಟಿದ್ದರು. ಮೊದಲು ಹೋದದ್ದು ವಾಚ್ ರಿಪೇರಿಯವನ ಮನೆಗೆ. ಪಟ್ಟಿಯಲ್ಲಿ ಮುಂದಿನವರು ಊರಲ್ಲಿರಲಿಲ್ಲವಾಗಿ ಅವನು ಅದನ್ನು ಸೀದಾ ಕಾರ್ಯದರ್ಶಿಗೆ ಹಿಂದಿರುಗಿಸಿದ್ದ. ಎರಡು ಚೀಟಿ ತೆಗೆದುಕೊಂಡಿದ್ದ, ಎರಡಕ್ಕೂ ರುಜು ಹಾಕಿದ್ದ. ಆದರೆ ಏಳನೆಯ ಪುಟದಲ್ಲಿ ಹೆಡ್‌ಮಾಸ್ಟರ ದುಂಡಗಿನ ಅಕ್ಷರದಲ್ಲಿ ‘ಸ್ಪೇನ್, 1855, ಎರಡು ರಿಯಾಲ್’ ಎಂದು ಬರೆದಿದೆ. ಕ್ಯಾಟಲಾಗಿನ ಪ್ರಕಾರ ಆ ಚೀಟಿ ನೇರಳೆ ಬಣ್ಣದ್ದು, ಸುಲಭಕ್ಕೆ ಸಿಗುವುದಲ್ಲ. ಇಲ್ಲಿ ಕೂತಿರುವುದು ಕೆಂಪು ಚೀಟಿ. ಅದೇ ರಾಣಿಯ ಮುಖದ ಕೆಂಪು ಚೀಟಿ ಎಂದರೆ ನಾಲ್ಕು ಕ್ವಾರ್ಟೊದ್ದು, ಸ್ಪೇನಿನ ಚಿಲ್ಲರೆ ಕಾಸಿನದು, ಬೀದಿಬೀದಿಯಲ್ಲಿ ಸಿಗುವಂಥದ್ದು.

ಪುಸ್ತಕ ಕಳಿಸುವಾಗ ಅದನ್ನು ಒಮ್ಮೆ ಪರೀಕ್ಷಿಸಬೇಕಾದದ್ದು ಕಾರ್ಯದರ್ಶಿಯದೇ ಕೆಲಸ. ಹೆಡ್‌ಮಾಸ್ಟರ ಪುಸ್ತಕವಲ್ಲವೇ ಎಂದು ತೆರೆಯದೆ ಕಳಿಸಿದ್ದರು. ತಾನು ಎಡವಿದವನಿಗೆ ಇನ್ನೊಬ್ಬರ ಮೇಲೆ ಸಿಟ್ಟು ಹೆಚ್ಚು. ವಾಚಿನವನು ತಾನಾಗಿಯೇ, ಏಳನೇ ಪುಟದ್ದು ಅಂಟು ಬಿಟ್ಟು ಅಲ್ಲಾಡುತ್ತಿತ್ತು, ನಾನೇ ಹೊಸ ಅಂಟುಪಟ್ಟಿ ಹಾಕಿ ಕೂರಿಸಿದೆ ಎಂದು ಹೇಳಿದ್ದನಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಕಾರ್ಯದರ್ಶಿ ಆಡಿಕೊಂಡರು. ಕೆಳಗಡೆ ಬೆಲೆಯ ಮೇಲೆ ಮುದ್ರೆ ಬಿದ್ದು ಓದಲಾಗುತ್ತಿಲ್ಲ, ನಾಲ್ಕು ಕ್ವಾರ್ಟೊ ಹೌದು ಎಂದು ನೀವೊಂದು ಮಾತು ಹೇಳಿದರೆ ಸಾಕು, ಭಾನುವಾರ ಅವನನ್ನು ಕೂಟದಿಂದ ತೆಗೆಯುತ್ತೇವೆ ಎಂದರು.

ದೇಶದಕ್ಕ ಚೀಟಿಯನ್ನು ಕಿಟಕಿಯ ಹತ್ತಿರ ಹಿಡಿದಳು. ರಂಧ್ರದ ಅಂಚು ಬರುವುದಕ್ಕೆ ಮುಂಚಿನ ಚೀಟಿ, ಕತ್ತರಿಯಿಂದ ಕತ್ತರಿಸಿದ್ದು. ಮುತ್ತಿನ ಸರದಂಥ ವೃತ್ತದೊಳಗೆ ಬಲಕ್ಕೆ ಮುಖ ಮಾಡಿದ ರಾಣಿ, ಮೇಲೆ ‘ಕೊರೆಯೊಸ್’. ಕೆಳಗಿನ ಸಾಲಿನ ಮೇಲೆ ಜಾಲರಿಯಂಥ ಕಪ್ಪು ಮುದ್ರೆ ದಪ್ಪನಾಗಿ ಕೂತಿತ್ತು. ಕ್ವಾರ್ಟೊದ ಬಹುವಚನವಾಗಲಿ ರಿಯಾಲಿನ ಬಹುವಚನವಾಗಲಿ ‘ಎಸ್’ ಅಕ್ಷರದಿಂದ ಮುಗಿಯುತ್ತದೆ. ಅವಳು ಭೂತಗನ್ನಡಿಯನ್ನು ಬಲತುದಿಗೆ ತಂದು ಚೀಟಿಯನ್ನು ಓರೆ ಮಾಡಿದಳು. ಕಪ್ಪುಗೆರೆಗಳ ನಡುವೆ ಕೊನೆಯ ಅಕ್ಷರ ಕಂಡಿತು. ಅದು ಎಸ್ ಆಗಿರಲಿಲ್ಲ. ನೆಟ್ಟಗೆ ನಿಂತ ಕಂಬ, ಬಲಕ್ಕೆ ಎರಡು ಕೈ, ಪಕ್ಕದಲ್ಲೊಂದು ಚುಕ್ಕೆ: ಎಫ್. ಅದರ ಹಿಂದೆ ‘ಲಾಟಾ’ ಎಂಬುದರ ಚೂರುಗಳು, ಎಡತುದಿಯಲ್ಲಿ ಮಸುಕಾಗಿ ‘2’.

ಎರಡು ರಿಯಾಲ್ ಪ್ಲಾಟಾ, ಅಂದರೆ ಬೆಳ್ಳಿಯ ರಿಯಾಲು; ಎಫ್ ಎಂದರೆ ಗಟ್ಟಿ ಬೆಳ್ಳಿ ಎಂಬುದರ ಗುರುತು. ಆ ದುಡ್ಡು ಸ್ಪೇನಿನೊಳಗೆ ಅಂಚೆಗೆ ನಡೆಯುತ್ತಿದ್ದುದಲ್ಲ. ಅದೇ ರಾಣಿಯ ಮುಖವನ್ನು, ಅದೇ ಕಾಗದವನ್ನು ಇಟ್ಟುಕೊಂಡು ದುಡ್ಡಿನ ಹೆಸರನ್ನಷ್ಟೇ ಬದಲಿಸಿ ಸಮುದ್ರದಾಚೆಯ ಕ್ಯೂಬಾ, ಪೋರ್ಟೊ ರಿಕೊ ದ್ವೀಪಗಳಿಗಾಗಿ ಅಚ್ಚು ಹಾಕಿಸಿದ ಚೀಟಿ. ಅದರಲ್ಲಿ ಎರಡು ರಿಯಾಲಿನದು ಕೆಂಪೇ. ಯಾರೂ ಏನನ್ನೂ ಬದಲಾಯಿಸಿಲ್ಲ. ಚೀಟಿಯ ಕೆಳಗಿನ ಬರಹವೇ ತಪ್ಪು.

ಇಷ್ಟು ಹೊಳೆದ ಸಂತೋಷ ಅರ್ಧ ನಿಮಿಷವೂ ಉಳಿಯಲಿಲ್ಲ. ಚೀಟಿಯ ಮೇಲ್ತುದಿಯ ಬಲಮೂಲೆ ಓರೆಯಾಗಿ ಕತ್ತರಿಸಿಹೋಗಿತ್ತು. ಆ ಮೂಲೆಯನ್ನು ಅವಳು ಮೊದಲೂ ನೋಡಿದ್ದಳು. ಐದು ವರ್ಷದ ಹಿಂದೆ ಹೆಡ್‌ಮಾಸ್ಟರು ಇಪ್ಪತ್ತು ಬಿಡಿ ಚೀಟಿಗಳನ್ನು ಅವಳ ಮೇಜಿನ ಮೇಲೆ ಹರಡಿದ್ದರು. ಸುತ್ತ ಏಳೆಂಟು ಜನ ನಿಂತಿದ್ದರು. ಯಾರೋ ಗಡಿಯಾರ ನೋಡುತ್ತ, ನೋಡೋಣ ಎಷ್ಟು ಹೊತ್ತು ತಗೋತಾರೆ ಎಂದಿದ್ದರು. ಅವಳು ಒಂದೊಂದನ್ನೂ ಚಿಮಟದಲ್ಲಿ ಎತ್ತಿ ದೇಶ ಹೇಳಿ ಇಟ್ಟಿದ್ದಳು. ಇಪ್ಪತ್ತಕ್ಕೆ ನಾಲ್ಕು ನಿಮಿಷವಾಗಿತ್ತು. ಇದನ್ನು ಎತ್ತಿದಾಗ ರಾಣಿಯನ್ನು ನೋಡಿದ್ದಳು, ಮುದ್ರೆಯ ಗೆರೆಗಳ ಸಂದಿನಲ್ಲಿ ಎಡಗಡೆಯ ‘2’ ಮತ್ತು ‘ಆರ್’ ನೋಡಿದ್ದಳು. ‘ಸ್ಪೇನು, 1855, ಎರಡು ರಿಯಾಲು. ಮೂಲೆ ಕತ್ತರಿಸಿ ಹಾಳು ಮಾಡಿದಾರೆ ನೋಡಿ ಮೇಷ್ಟ್ರೇ’ ಎಂದು ಕೆಳಗಿಟ್ಟಿದ್ದಳು. ಬಲತುದಿ ನೋಡಲಿಲ್ಲ, ಕ್ಯಾಟಲಾಗು ತೆರೆದು ಬಣ್ಣ ನೋಡಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಹೆಡ್‌ಮಾಸ್ಟರು ಅಲ್ಲೇ ಕೂತು ಅವಳು ಹೇಳಿದ ಹಾಗೇ ಬರೆದುಕೊಂಡಿದ್ದರು.

ಮುಖ ನೋಡಿ ಮಣೆ ಹಾಕಿದವಳು ಅವಳೇ. ಕಾರ್ಯದರ್ಶಿ ಅವಳ ಬಾಯನ್ನೇ ನೋಡುತ್ತಿದ್ದರು.

‘ಬೆಳಕು ಸಾಲದು’ ಎಂದಳು. ‘ಭಾನುವಾರ ಎಲ್ಲರ ಎದುರಿಗೇ ಹೇಳ್ತೀನಿ.’

ಮಧ್ಯಾಹ್ನ ಮೂರು ಗಂಟೆಯ ಬಿಸಿಲು ಮೇಜಿನ ಮೇಲೆ ಹರಡಿತ್ತು. ಕಾರ್ಯದರ್ಶಿ ಬಿಸಿಲನ್ನು ನೋಡಿದರು, ಪುಸ್ತಕ ಮುಚ್ಚಿ ಹೊರಟರು.

ತಂಗಿಯಿಂದ ಇದನ್ನು ಮುಚ್ಚಿಡಲು ಆಗಲಿಲ್ಲ. ಮಿಷನ್ನಿನ ಚಕ್ರ ನಿಲ್ಲಿಸಿ ಅವಳು ಎಲ್ಲವನ್ನೂ ಕೇಳಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕ್ತಿದಾರಲ್ಲ ಎಂದಳು. ಆಮೇಲೆ ಅಕ್ಕನ ಮುಖ ನೋಡಿ ಮೆತ್ತಗಾದಳು. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನಿದೆ? ಚೀಟಿ ಕ್ಯೂಬಾದ್ದು, ಮೇಷ್ಟ್ರು ತಪ್ಪು ಬರೆದಿದ್ದಾರೆ ಅಂತ ಹೇಳು, ವಾಚಿನವನೂ ಉಳಿದ, ನೀನೂ ಉಳಿದೆ. ಸತ್ತವರು ಎದ್ದು ಬಂದು ಸಾಕ್ಷಿ ಹೇಳುತ್ತಾರೆಯೇ?

ದೇಶದಕ್ಕನಿಗೂ ಅದೇ ಯೋಚನೆ ಬಂದಿತ್ತು. ಬಂದದ್ದಕ್ಕೆ ನಾಚಿಕೆಯಾಗಿತ್ತು, ಆದರೂ ಅದನ್ನು ಓಡಿಸಿರಲಿಲ್ಲ. ಚೀಟಿಯನ್ನು ಇನ್ನೊಮ್ಮೆ ಹಗಲಿನಲ್ಲಿ ನೋಡಿ ಖಚಿತ ಮಾಡಿಕೊಂಡೇ ಹೇಳಬೇಕು ಎಂದು ತನಗೆ ತಾನೇ ನೆಪ ಹೇಳಿಕೊಂಡಳು. ಖಚಿತವಾಗಿಯೇ ಗೊತ್ತಿದ್ದದ್ದನ್ನು ಇನ್ನೂ ಖಚಿತ ಮಾಡಿಕೊಳ್ಳುವುದು ಹೇಡಿಗಳ ಹಳೆಯ ಕೆಲಸ.

ಶನಿವಾರ ತರಕಾರಿ ತರಲು ಹೋದವಳ ಕಾಲು ವಾಚ್ ಅಂಗಡಿಯ ಬೀದಿಗೆ ತಿರುಗಿತು. ಅಂಗಡಿ ಎಂದರೆ ಎರಡು ಮಳಿಗೆಗಳ ನಡುವಿನ ಸಂದು. ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಗೋಡೆಯ ತುಂಬ ಬೇರೆ ಬೇರೆ ಹೊತ್ತು ತೋರಿಸುವ ಗಡಿಯಾರಗಳು. ಕೂಟದ ಮಾತು ಅಷ್ಟರಲ್ಲಿ ಊರಿಗೆ ಹಬ್ಬಿತ್ತು. ಅಂಚೆಚೀಟಿ ಕದ್ದವನು ವಾಚಿನೊಳಗಿನ ಮಾಣಿಕ್ಯದ ಕಲ್ಲು ಬಿಡುತ್ತಾನೆಯೇ ಎಂದು ಯಾರೋ ಅಂದದ್ದು ಬಾಯಿಂದ ಬಾಯಿಗೆ ಹೋಗಿತ್ತು. ಅವಳು ಎದುರಿನ ಪಾದಚಾರಿ ಹಾದಿಯಲ್ಲಿ ನಿಂತು ನೋಡಿದಳು. ಒಬ್ಬ ಹೆಂಗಸು ರಿಪೇರಿಗೆ ಕೊಟ್ಟಿದ್ದ ಗೋಡೆ ಗಡಿಯಾರವನ್ನು ಹಾಗೇ ವಾಪಸು ತೆಗೆದುಕೊಂಡು ಹೋದಳು. ಹಿಂದೆಯೇ ಒಬ್ಬ ಗಂಡಸು ಕೈಗಡಿಯಾರ ಕೇಳಿದ. ವಾಚಿನವನು ಅದರ ಬೆನ್ನಿನ ಮುಚ್ಚಳ ತೆಗೆದು ಎಲ್ಲ ಇದೆಯೆಂದು ತೋರಿಸಿ, ಮುಚ್ಚಿ ಕೊಟ್ಟ. ಯಾರೂ ಕೇಳದೆಯೇ ತೋರಿಸಿದ. ರಸ್ತೆ ದಾಟಿದರೆ ಇಪ್ಪತ್ತು ಹೆಜ್ಜೆ. ಅವಳು ದಾಟಲಿಲ್ಲ, ತರಕಾರಿಯನ್ನೂ ಕೊಳ್ಳದೆ ಮನೆಗೆ ಬಂದಳು.

ಭಾನುವಾರ ಮಹಡಿಯ ಕೋಣೆಯಲ್ಲಿ ಹದಿನಾಲ್ಕು ಜನ ಸೇರಿದ್ದರು. ಹೆಡ್‌ಮಾಸ್ಟರ ಹೆಂಡತಿಯನ್ನೂ ಕರೆಸಿದ್ದರು. ಅವರು ಮುಂದಿನ ಕುರ್ಚಿಯಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟು ಕೂತಿದ್ದರು. ವಾಚಿನವನು ಬಾಗಿಲ ಹತ್ತಿರ ನಿಂತಿದ್ದ. ಕೂರಿ ಎಂದರೆ ಬೇಡ ಎಂದ. ಹದಿನೈದು ವರ್ಷದಿಂದ ಅವಳ ಮೇಜಿನ ಎಡಗಡೆಗೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದವನು ಅವನು. ಕಾರ್ಯದರ್ಶಿ ಎದ್ದು ನಿಂತು ಆಪಾದನೆಯನ್ನು ಕಾಗದ ನೋಡಿ ಓದಿದರು. ಆಮೇಲೆ ಪುಸ್ತಕವನ್ನು ದೇಶದಕ್ಕನ ಮುಂದೆ ಬಿಚ್ಚಿಟ್ಟು, ಇದು ಯಾವ ದೇಶದ್ದು, ಯಾವ ಬೆಲೆಯದು, ತಾವೇ ಹೇಳಬೇಕು ಎಂದರು.

ಅವಳು ಶುರು ಮಾಡಿದಳು. ಅಕ್ಷರ ಸ್ಪೇನಿನದು, ಮುಖ ಸ್ಪೇನಿನ ರಾಣಿಯದು, ಇಲ್ಲಿಯವರೆಗೆ ಎಲ್ಲರಿಗೂ ಗೊತ್ತಿದೆ. ಉಳಿದದ್ದು ದುಡ್ಡು. ಕಾರ್ಯದರ್ಶಿಯನ್ನೇ ಹತ್ತಿರ ಕರೆದು ಭೂತಗನ್ನಡಿ ಕೊಟ್ಟಳು. ಚೀಟಿಯನ್ನು ಓರೆ ಮಾಡಿ ಹಿಡಿದು, ಕೆಳಸಾಲಿನ ಕೊನೆಯ ಅಕ್ಷರ ಯಾವುದು ಹೇಳಿ ಎಂದಳು. ಅವರು ತುಂಬ ಹೊತ್ತು ಬಗ್ಗಿದ್ದರು. ಎಸ್ ಇರಬೇಕು ಎಂದರು. ಇರಬೇಕಾದ್ದು ಬೇಡ, ಇರುವುದು ಹೇಳಿ ಎಂದಳು. ಇನ್ನೂ ಸ್ವಲ್ಪ ಹೊತ್ತಿನ ಮೇಲೆ ಅವರು, ಎಫ್, ಪಕ್ಕದಲ್ಲಿ ಚುಕ್ಕೆ ಎಂದು ಒಪ್ಪಿಕೊಂಡರು. ಅವಳು ಕ್ಯಾಟಲಾಗನ್ನು ತೆರೆದು ಕ್ಯೂಬಾದ ಪುಟದಲ್ಲಿ ಬೆರಳಿಟ್ಟಳು: ಎರಡು ರಿಯಾಲ್ ಪ್ಲಾಟಾ, ಕೆಂಪು. ಪುಸ್ತಕ ಕೈಯಿಂದ ಕೈಗೆ ಹೋಯಿತು. ಎರಡು ಮೂರು ಜನ ವಾಚಿನವನ ಕಡೆ ತಿರುಗಿ ನೋಡಿದರು.

ಕಾರ್ಯದರ್ಶಿ ಅಷ್ಟಕ್ಕೆ ಬಿಡುವವರಲ್ಲ. ಇದು ಕ್ಯೂಬಾದ್ದೇ ಇರಲಿ, ಆದರೆ ಇಲ್ಲಿ ಮೊದಲು ಇದೇ ಇತ್ತು ಅನ್ನುವುದಕ್ಕೆ ಏನು ಆಧಾರ? ಬರೆದಿರುವುದು ಸ್ಪೇನ್ ಎಂದು. ನೇರಳೆಯದನ್ನು ತೆಗೆದು ಇದನ್ನು ಅಂಟಿಸಿರಬಹುದಲ್ಲ?

‘ಬರೆದದ್ದೇ ತಪ್ಪು’ ಎಂದಳು ದೇಶದಕ್ಕ.

ಹೆಡ್‌ಮಾಸ್ಟರ ಹೆಂಡತಿ ತಲೆ ಎತ್ತಿದರು. ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು: ‘ನಮ್ಮೆಜಮಾನ್ರು ಹಾಗೆ ಬರೆಯೋರಲ್ಲಮ್ಮ. ಒಂದು ಚೀಟಿಗೆ ನಾಲ್ಕು ದಿನ ಕೂರೋರು. ಗೊತ್ತಿರೋರನ್ನ ಕೇಳದೆ ಒಂದಕ್ಷರ ಬರೆದೋರಲ್ಲ.’

ತಲೆಗಳು ಹೌದೆಂದು ಆಡಿದವು. ಹೆಡ್‌ಮಾಸ್ಟರನ್ನು ಅಲ್ಲಿ ಎಲ್ಲರೂ ಬಲ್ಲರು. ಅವರ ಬರಹ ತಪ್ಪಲ್ಲವಾದರೆ ಚೀಟಿ ಬದಲಾಗಿದೆ, ಚೀಟಿ ಬದಲಾಗಿದ್ದರೆ ಕಳ್ಳ ಬಾಗಿಲ ಹತ್ತಿರ ನಿಂತಿದ್ದಾನೆ. ಲೆಕ್ಕ ಅಷ್ಟು ನೇರವಾಗಿತ್ತು. ಕಾರ್ಯದರ್ಶಿ ಪೆನ್ನಿನ ಮುಚ್ಚಳ ತೆಗೆದರು.

ಮೇಷ್ಟ್ರಿಗೆ ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು ಎಂದು ಒಂದು ಮಾತು ಸೇರಿಸಿದರೆ ಈಗಲೂ ಸಾಕಿತ್ತು. ಆ ಮಾತು ದೇಶದಕ್ಕನ ನಾಲಿಗೆಯ ತುದಿಗೂ ಬಂದಿತ್ತು. ಎದುರಿಗೆ ಕೂತ ಹೆಂಗಸಿನ ಕೈಗಳು ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದವು. ಗಂಡನದೆಂದು ಆಕೆಗೆ ಉಳಿದದ್ದು ಆ ದುಂಡಕ್ಷರ, ಅದನ್ನು ಜನ ನಂಬುತ್ತಾರೆ ಎಂಬ ಹೆಮ್ಮೆ, ಇಷ್ಟೇ.

‘ಅವರು ಕೇಳೇ ಬರೆದಿದ್ದು’ ಎಂದಳು. ‘ಕೇಳಿದ್ದು ನನ್ನನ್ನ. ಸ್ಪೇನು ಅಂತ ಹೇಳಿದೋಳು ನಾನು. ಮುಖ ನೋಡಿ ಹೇಳಿಬಿಟ್ಟೆ, ದುಡ್ಡು ಪೂರ್ತಿ ಓದಲಿಲ್ಲ. ಮೇಲಿನ ಮೂಲೆ ಓರೆ ಕತ್ತರಿಸಿರೋ ಇದೇ ಚೀಟಿ ಅದು.’

ಇಪ್ಪತ್ತು ಚೀಟಿಗೆ ನಾಲ್ಕು ನಿಮಿಷವಾದ ಆ ದಿನ ಅಲ್ಲಿದ್ದ ಒಬ್ಬರಿಗೆ ನೆನಪು ಬಂತು. ಹೌದು, ಮೂಲೆ ಹಾಳಾಗಿದೆ ಅಂತ ಮೇಷ್ಟ್ರನ್ನು ಬೈದಿದ್ದಿರಿ ಎಂದರು. ಕಾರ್ಯದರ್ಶಿ ಪೆನ್ನಿಗೆ ಮುಚ್ಚಳ ಹಾಕಿದರು. ಆಪಾದನೆಯ ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಸೇರಿಸಿದರು. ವಾಚಿನವನ ಕಡೆಗೆ ನೋಡದೆ, ಪುಸ್ತಕವನ್ನು ಮೊದಲೇ ಪರೀಕ್ಷಿಸದೆ ಕಳಿಸಿದ್ದು ತಮ್ಮ ತಪ್ಪು ಎಂದು ಗೋಡೆಗೆ ಹೇಳಿದರು.

ದೇಶದಕ್ಕ ಹೇಳಿ ಬರೆಸಿದ ಚೀಟಿಗಳು ಅಲ್ಲಿದ್ದ ಪ್ರತಿಯೊಬ್ಬರ ಆಲ್ಬಮ್ಮಿನಲ್ಲೂ ಇದ್ದವು. ಕಾಲೇಜಿನವರೊಬ್ಬರು ತಮ್ಮ ಆಲ್ಬಮ್ಮನ್ನು ಮೆಲ್ಲಗೆ ತೆರೆದು ಪುಟ ತಿರುಗಿಸತೊಡಗಿದರು. ಅವರನ್ನು ನೋಡಿ ಇನ್ನೊಬ್ಬರು ತೆರೆದರು. ಅವಳಿಗೆ ಅದು ಕಾಣಿಸಿತು. ಇಷ್ಟು ವರ್ಷ ತನ್ನ ಮಾತಿನ ಮೇಲೆ ಶಾಯಿ ಸುರಿದವರು ಇನ್ನು ಮೇಲೆ ಪೆನ್ಸಿಲು ಹುಡುಕುತ್ತಾರೆ ಎಂದು ಗೊತ್ತಾಯಿತು.

ವಾಚಿನವನು ಬಾಗಿಲು ಬಿಟ್ಟು ಮೇಜಿನವರೆಗೆ ಬಂದ. ಕೈ ಮುಗಿಯುತ್ತಾನೆ ಎಂದುಕೊಂಡವರಿದ್ದರು.

‘ಅಕ್ಕ, ಗುರುವಾರ ಇದನ್ನ ನಿಮ್ಮನೆಗೆ ತಂದಿದ್ರಂತೆ’ ಎಂದ. ‘ಅವತ್ತೇ ಗೊತ್ತಾಗಿತ್ತಾ?’

ಇಲ್ಲ ಎಂದರೆ ಅವನು ನಂಬುತ್ತಿದ್ದ. ಬೆಳಕು ಸಾಲದು ಎಂದದ್ದಕ್ಕೆ ಕಾರ್ಯದರ್ಶಿಯೇ ಸಾಕ್ಷಿ.

‘ಗೊತ್ತಾಗಿತ್ತು.’

ಅವನು ಮೇಜಿನ ಮೇಲಿದ್ದ ಪುಸ್ತಕವನ್ನು ಮುಚ್ಚಿದ. ‘ಶುಕ್ರವಾರ, ಶನಿವಾರ ಹನ್ನೊಂದು ಜನ ವಾಚು ವಾಪಸ್ ತಗೊಂಡ್ರು. ಇಲ್ಲಿ ಹದಿನಾಲ್ಕು ಜನಕ್ಕೆ ಹೇಳಿದ್ರಿ, ಸರಿ. ಅಂಗಡಿಗೆ ಬರೋರು ಇಲ್ಲಿಗೆ ಬರೋದಿಲ್ಲ. ನಾಳೆ ಬಂದು ಅಲ್ಲೂ ಹೇಳಿ.’

ಸೋಮವಾರ ಅವಳು ಸೀರೆ ಆರಿಸಲು ಹೊತ್ತು ಕಳೆಯಲಿಲ್ಲ. ತಂಗಿ ಮಿಷನ್ನಿನಿಂದ ತಲೆ ಎತ್ತಿ, ಹೋಗೋದೇನೋ ಸರಿ, ಆದರೆ ಬೀದಿಯಲ್ಲಿ ಕೂತು ಯಾರ್ಯಾರಿಗೋ ಹೇಳಿಕೊಳ್ಳಬೇಕಾ ಎಂದಳು. ಅವನು ಬೀದಿಯಲ್ಲೇ ಕೂತಿದ್ದನಲ್ಲ ಎಂದು ಹೇಳಿ ಅಕ್ಕ ಹೊರಟಳು. ಹತ್ತು ಗಂಟೆಗೆ ಅಂಗಡಿ ತೆರೆಯುವಾಗ ಅವಳು ಅಲ್ಲಿದ್ದಳು. ವಾಚಿನವನು ಸ್ಟೂಲನ್ನು ಅವಳಿಗೆ ಕೊಟ್ಟು, ತಾನು ಮರದ ಪೆಟ್ಟಿಗೆಯ ಮೇಲೆ ಕೂತು ಕೆಲಸಕ್ಕೆ ಬಗ್ಗಿದ.

ಮೊದಲು ಬಂದವರಿಗೆ ಅವಳು ಎಲ್ಲವನ್ನೂ ಹೇಳಿದಳು. ಒಂದು ಚೀಟಿಯಿತ್ತು, ಅದರ ಮೇಲೆ ದೇಶದ ಹೆಸರಿರಲಿಲ್ಲ, ರಾಣಿಯ ಮುಖವಿತ್ತು, ಮೇಲೆ ಹೀಗೊಂದು ಅಕ್ಷರ, ಕೆಳಗೆ ಬೆಳ್ಳಿಯ ರಿಯಾಲು. ಅವರು ಕ್ಯೂಬಾ ಎಲ್ಲಿದೆ ಎಂದು ಕೇಳಿದರು. ಎರಡನೆಯವರಿಗೂ ಹಾಗೇ ಹೇಳಿದಳು. ಅವರು ಅರ್ಧದಲ್ಲೇ ಬಸ್ಸು ಬಂತೆಂದು ಓಡಿದರು. ಮೂರನೆಯವಳು ಶನಿವಾರ ಗೋಡೆ ಗಡಿಯಾರ ವಾಪಸು ಒಯ್ದಿದ್ದ ಹೆಂಗಸು. ಬೀದಿಯಲ್ಲಿ ಹೋಗುತ್ತಿದ್ದವಳನ್ನು ದೇಶದಕ್ಕನೇ ಎದ್ದು ಹೋಗಿ ಕರೆತಂದಳು. ಆ ಹೆಂಗಸು ಅಕ್ಷರದ ಮಾತು ಮುಗಿಯುವವರೆಗೆ ಕೇಳಿದಳು, ಮುಖದ ಮಾತಿನ ಅರ್ಧದವರೆಗೆ ಕೇಳಿದಳು, ಆಮೇಲೆ ಕೈ ಅಡ್ಡ ಹಿಡಿದಳು.

‘ನಂಗದೆಲ್ಲ ತಿಳಿಯಲ್ಲಮ್ಮ. ಇವ್ರು ಕದ್ದಿದಾರೋ ಇಲ್ವೋ, ಅದು ಹೇಳಿ.’

ದೇಶದಕ್ಕ ಬಾಯಿ ತೆರೆದವಳು ತಡೆದಳು. ಮೂವತ್ತೊಂದು ವರ್ಷ ಗೂಡುಗಳ ಮುಂದೆ ನಿಂತು ಕಲಿತದ್ದು, ಮಹಡಿಯ ಕೋಣೆಯಲ್ಲಿ ಜನ ದನಿ ತಗ್ಗಿಸಿ ಕೇಳುತ್ತಿದ್ದುದು, ಅದರಲ್ಲಿ ಒಂದಿಷ್ಟೂ ಇಲ್ಲಿ ಬೇಕಾಗಿರಲಿಲ್ಲ.

‘ಕದ್ದಿಲ್ಲ’ ಎಂದಳು. ‘ತಪ್ಪು ನಂದು.’

ಆ ಹೆಂಗಸು ಸರಿ ಎಂದು ಗಡಿಯಾರ ತರಲು ಮನೆಗೆ ಹೋದಳು. ವಾಚಿನವನು ಕಣ್ಣಿಗೆ ಸಿಕ್ಕಿಸಿಕೊಂಡ ಮಸೂರವನ್ನು ತೆಗೆಯಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಆಮೇಲೆ ಸಂಜೆ ಆರರವರೆಗೆ ಬಂದ ಮೂವತ್ತಕ್ಕೂ ಹೆಚ್ಚು ಜನರಿಗೆ ಅವಳು ಆ ಎರಡು ಮಾತನ್ನೇ ಹೇಳಿದಳು.